ಅಯೋಡಿನ್ ಗೆದ್ದ ಉಪ್ಪಿನಲ್ಲಿ ಕಬ್ಬಿಣ ಯಾಕೆ ತಿಣುಕಾಡುತ್ತಿದೆ?

ಒಂದು ಟನ್ ಉಪ್ಪು ಅಂದರೆ ಒಂದು ಕಿಲೋದ ಸಾವಿರ ಪ್ಯಾಕೆಟ್ಟು. ಅಷ್ಟೂ ಉಪ್ಪಿಗೆ ಅಯೋಡಿನ್ ಕೊಡಲು ಬೇಕಾಗುವ ಪೊಟ್ಯಾಸಿಯಂ ಅಯೋಡೇಟ್ ಎಷ್ಟು ಗೊತ್ತಾ? ಸುಮಾರು 50 ಗ್ರಾಂ. ಒಂದು ಹಿಡಿಯೂ ತುಂಬುವುದಿಲ್ಲ. ಅದನ್ನು ನೀರಿನಲ್ಲಿ ಕರಗಿಸಿ, ಬೆಲ್ಟಿನ ಮೇಲೆ ಸಾಗುವ ಉಪ್ಪಿನ ಮೇಲೆ ಸಿಂಪಡಿಸಿ, ತಿರುಗಿಸಿ ಬೆರೆಸಿದರೆ ಮುಗಿಯಿತು. ಅಯೋಡೇಟಿನ ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ ಅರವತ್ತು ಭಾಗ ಅಯೋಡಿನ್ ಇರುವುದರಿಂದ, ಆ ಒಂದು ಟನ್ನಿಗೆ 30 ಗ್ರಾಂ ಅಯೋಡಿನ್ ಸೇರುತ್ತದೆ. ಇದನ್ನೇ 30 ಪಿಪಿಎಂ ಅನ್ನುವುದು. ಹತ್ತು ಲಕ್ಷ ಪಾಲು ಉಪ್ಪಿನಲ್ಲಿ 30 ಪಾಲು.

ಕಾರ್ಖಾನೆಯಿಂದ ಹೊರಡುವಾಗ 30 ಇದ್ದದ್ದು ಗೋದಾಮು, ಲಾರಿ, ಅಂಗಡಿ ಎಲ್ಲ ದಾಟಿ ನಮ್ಮ ಕೈಗೆ ಬರುವಷ್ಟರಲ್ಲಿ ಕಡಿಮೆಯೆಂದರೂ 15 ಉಳಿದಿರಬೇಕು ಅನ್ನುವುದು ನಮ್ಮ ದೇಶದ ಲೆಕ್ಕ. ಯಾಕೆ 15? ನಮ್ಮಲ್ಲಿ ಒಬ್ಬರು ದಿನಕ್ಕೆ 8-10 ಗ್ರಾಂ ಉಪ್ಪು ತಿನ್ನುತ್ತೇವೆ. 15 ಪಿಪಿಎಂ ಇರುವ 10 ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದದ್ದೂ ಅಷ್ಟೇ. ಎಪ್ಪತ್ತು ವರ್ಷ ಬದುಕಿದರೂ ಒಟ್ಟು ಬೇಕಾಗುವ ಅಯೋಡಿನ್ ಒಂದು ಚಮಚ ಮೀರುವುದಿಲ್ಲ. ಆದರೆ ಅದನ್ನು ಒಮ್ಮೆಗೇ ತಿಂದು ಕೂಡಿಟ್ಟುಕೊಳ್ಳಲು ಆಗುವುದಿಲ್ಲ. ದಿನದಿನವೂ ಒಂದಿಷ್ಟು ಸಿಗಬೇಕು. ಅದಕ್ಕೇ ಉಪ್ಪು. ಬಡವರಿಗೂ ಶ್ರೀಮಂತರಿಗೂ ಬೇಕು, ಯಾರೂ ಜಾಸ್ತಿ ತಿನ್ನಲಾರರು, ಮನೆಯಲ್ಲಿ ಮಾಡಿಕೊಳ್ಳುವವರೂ ಇಲ್ಲ. ದೇಶದ ಉಪ್ಪಿನ ಬಹುಪಾಲು ಗುಜರಾತಿನ ಕರಾವಳಿಯಿಂದಲೇ ಬರುತ್ತದೆ. ಹಾಗಾಗಿ ಕೆಲವೇ ಕಡೆ ಸಿಂಪಡಿಸಿದರೂ ದೇಶಕ್ಕೆಲ್ಲ ತಲುಪುತ್ತದೆ.

ಇದು ಕೆಲಸ ಮಾಡುತ್ತದೆ ಅಂತ ನಮ್ಮ ದೇಶದಲ್ಲೇ ತೋರಿಸಿದವರು ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಶುರುವಾದ ಪ್ರಯೋಗ ಅದು. ಅಲ್ಲಿ ನೂರರಲ್ಲಿ ಸುಮಾರು ನಲವತ್ತು ಜನರಿಗೆ ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡ ಇತ್ತು. ಕಣಿವೆಯನ್ನು ಮೂರು ಭಾಗ ಮಾಡಿದರು. ಒಂದು ಭಾಗಕ್ಕೆ ಪೊಟ್ಯಾಸಿಯಂ ಅಯೊಡೈಡ್ ಬೆರೆತ ಉಪ್ಪು, ಇನ್ನೊಂದಕ್ಕೆ ಅಯೋಡೇಟ್ ಬೆರೆತದ್ದು, ಮಧ್ಯದ್ದಕ್ಕೆ ಬರೀ ಉಪ್ಪು. ಐದಾರು ವರ್ಷ ಕಳೆಯುವಷ್ಟರಲ್ಲಿ ಅಯೋಡಿನ್ ಸಿಕ್ಕ ಎರಡೂ ಕಡೆ ಗಳಗಂಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬರೀ ಉಪ್ಪು ತಿಂದ ಕಡೆ ಏನೂ ಬದಲಾಗಿರಲಿಲ್ಲ. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗುವುದಕ್ಕೆ ಇದೇ ಬುನಾದಿ.

ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯೂ ಗಳಗಂಡ ಹೊಸದೇನಲ್ಲ. ಜೋರು ಮಳೆ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತದೆ. ಅಲ್ಲಿ ಬೆಳೆದ ಸೊಪ್ಪಿನಲ್ಲೂ ಇರುವುದಿಲ್ಲ, ಆ ಹುಲ್ಲು ಮೇಯ್ದ ಹಸುವಿನ ಹಾಲಿನಲ್ಲೂ ಇರುವುದಿಲ್ಲ. ಕತ್ತು ಊದುವುದು ಕಣ್ಣಿಗೆ ಕಾಣುವ ತೊಂದರೆ ಮಾತ್ರ. ಬಸುರಿಯರಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಮೆದುಳಿನ ಬೆಳವಣಿಗೆಯೇ ಕುಂಟುತ್ತದೆ.

ಈಗ ಇದೇ ಉಪಾಯವನ್ನು ಕಬ್ಬಿಣಕ್ಕೂ ಮಾಡಿದರೆ? ರಕ್ತಹೀನತೆ ನಮ್ಮಲ್ಲಿ ಗಳಗಂಡಕ್ಕಿಂತ ಎಷ್ಟೋ ಪಾಲು ದೊಡ್ಡ ಸಮಸ್ಯೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ, ಕರ್ನಾಟಕದಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಉಪ್ಪಿಗೆ ಅಯೋಡಿನ್ ಜೊತೆ ಒಂದಿಷ್ಟು ಕಬ್ಬಿಣವನ್ನೂ ಸೇರಿಸಿಬಿಟ್ಟರೆ ಆಯ್ತಲ್ಲ ಅನ್ನಿಸುತ್ತದೆ. ಹಾಗೆ ಮಾಡಿದ ಉಪ್ಪೂ ಇದೆ. ಡಬಲ್ ಫೋರ್ಟಿಫೈಡ್ ಸಾಲ್ಟ್ ಅನ್ನುತ್ತಾರೆ, ನಾವು ಎರಡು ಸತ್ವದ ಉಪ್ಪು ಅನ್ನೋಣ. ಆದರೆ ಅಯೋಡಿನ್ ಎಷ್ಟು ಸಲೀಸಾಗಿ ಗೆದ್ದಿತೋ ಕಬ್ಬಿಣ ಅಷ್ಟೇ ತಿಣುಕಾಡುತ್ತಿದೆ.

ಮೊದಲ ತೊಡಕು ಪ್ಯಾಕೆಟ್ಟಿನೊಳಗೇ ಇದೆ. ಇಲ್ಲಿ ಬೇಕಾದ ಕಬ್ಬಿಣ ಕಿಲೋಗೆ 850ರಿಂದ 1100 ಮಿಲಿಗ್ರಾಂ. ಅಯೋಡಿನ್‌ಗೆ ಹೋಲಿಸಿದರೆ ಮೂವತ್ತು ಪಟ್ಟು ಮತ್ತು ಇನ್ನೂ ಜಾಸ್ತಿ. ದೇಹಕ್ಕೆ ಹಿಡಿಸುವಂಥ ಕಬ್ಬಿಣದ ಲವಣಗಳು ಬಲು ಚುರುಕು. ಉಪ್ಪು ಸ್ವಲ್ಪ ಪಸೆ ಎಳೆದುಕೊಂಡರೆ ಸಾಕು, ಕಬ್ಬಿಣವು ಅಯೋಡೇಟನ್ನು ಒಡೆದು ಅಯೋಡಿನ್ನನ್ನು ಬಿಡಿಸುತ್ತದೆ. ಅದು ಆವಿಯಾಗಿ ಹಾರಿಹೋಗುತ್ತದೆ. ಇತ್ತ ಕಬ್ಬಿಣವೂ ತುಕ್ಕಿನ ಬಣ್ಣಕ್ಕೆ ತಿರುಗಿ ಉಪ್ಪು ಹಳದಿಯಾಗುತ್ತದೆ. ಒಂದನ್ನು ಸೇರಿಸಲು ಹೋಗಿ ಇದ್ದದ್ದನ್ನೂ ಕಳೆದುಕೊಂಡಂತೆ.

ಇದಕ್ಕೆ ಎರಡು ದಾರಿ ಹುಡುಕಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಫೆರಸ್ ಸಲ್ಫೇಟ್ ಬಳಸಿ, ಅದರ ಜೊತೆ ಕಬ್ಬಿಣವನ್ನು ಹಿಡಿದಿಡುವ ಒಂದು ಫಾಸ್ಫೇಟ್ ಸೇರಿಸಿದರು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು ಫೆರಸ್ ಫ್ಯೂಮರೇಟಿನ ಸಣ್ಣ ಕಾಳುಗಳಿಗೆ ಕೊಬ್ಬಿನ ಹೊದಿಕೆ ಕೊಟ್ಟು, ಬಿಳಿ ಬಣ್ಣ ಬಳಿದರು. ಹೊದಿಕೆ ಇರುವವರೆಗೆ ಕಬ್ಬಿಣಕ್ಕೂ ಅಯೋಡಿನ್‌ಗೂ ಮುಖಾಮುಖಿ ಇಲ್ಲ. ಮೊದಲನೆಯದಕ್ಕೆ ತುಂಬಾ ಶುದ್ಧವಾದ ಉಪ್ಪು ಬೇಕು, ಎರಡನೆಯದಕ್ಕೆ ಖರ್ಚು ಜಾಸ್ತಿ.

ಸರಿ, ಪ್ಯಾಕೆಟ್ ದಾಟಿತು. ಎರಡನೇ ತೊಡಕು ಒಲೆಯ ಮೇಲೆ ಕಾದಿರುತ್ತದೆ. ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದವರಿಗೆ ಇದು ಗೊತ್ತು: ಕೈಯೂ ಕಪ್ಪು, ಹೋಳೂ ಕಪ್ಪು. ಕಾಯಿಯ ಒಗರಿಗೆ ಕಬ್ಬಿಣ ತಾಗಿದರೆ ಹಾಗಾಗುತ್ತದೆ. ಎರಡು ಸತ್ವದ ಉಪ್ಪು ಹಾಕಿದ ಪಲ್ಯದಲ್ಲೂ ಅದೇ ಆಗಬಹುದು. ಹೊದಿಕೆ ಬಿಸಿಗೆ ಕರಗಿ ಕಬ್ಬಿಣ ಹೊರಬರುತ್ತದೆ, ಅಡುಗೆ ಒಂದು ಛಾಯೆ ಕಪ್ಪಾಗುತ್ತದೆ, ಕೆಲವೊಮ್ಮೆ ಕರಿ ಚುಕ್ಕೆ ಕಾಣುತ್ತದೆ. ಅಪಾಯವೇನೂ ಇಲ್ಲ. ಆದರೆ ಬಿಳಿ ಉಪ್ಪು, ಬಿಳಿ ಅನ್ನ ನೋಡಿ ಅಭ್ಯಾಸವಾದ ಮನೆಯಲ್ಲಿ "ಇದೇನೋ ಕಲಬೆರಕೆ" ಅನ್ನುವ ಒಂದು ಮಾತು ಸಾಕು, ಪ್ಯಾಕೆಟ್ ಮೂಲೆ ಸೇರುತ್ತದೆ. ಅಯೋಡಿನ್‌ಗೆ ಈ ಗೋಳೇ ಇರಲಿಲ್ಲ. ಬಣ್ಣವಿಲ್ಲ, ರುಚಿಯಿಲ್ಲ, ಇದೆ ಅಂತಲೇ ಗೊತ್ತಾಗುವುದಿಲ್ಲ.

ಬಿಹಾರದಲ್ಲಿ ನಡೆದ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಭೋಜಪುರ ಜಿಲ್ಲೆಯ ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮುಂತಾದ ಅರ್ಥಶಾಸ್ತ್ರಜ್ಞರು ಈ ಉಪ್ಪನ್ನು ಕಡಿಮೆ ಬೆಲೆಗೆ ಅಂಗಡಿಗಳಲ್ಲಿ ಇಡಿಸಿದರು. ಹೆಚ್ಚಿನ ಮನೆಗಳು ಕೊಳ್ಳಲೇ ಇಲ್ಲ. ಕೆಲವು ಮನೆಗಳಿಗೆ ಬಿಟ್ಟಿಯಾಗಿಯೇ ಕೊಟ್ಟು ನೋಡಿದರು. ಆದರೂ ಒಟ್ಟಾರೆ ರಕ್ತಹೀನತೆ ಇಳಿದದ್ದು ಕಾಣಲಿಲ್ಲ. ಅದೇ ರಾಜ್ಯದ ಜೆಹಾನಾಬಾದಿನಲ್ಲಿ ಬೇರೆ ತಂಡವೊಂದು ಈ ಉಪ್ಪನ್ನು ಶಾಲೆಯ ಬಿಸಿಯೂಟಕ್ಕೆ ಹಾಕಿಸಿತು. ಅಲ್ಲಿ ಮಕ್ಕಳ ಹಿಮೋಗ್ಲೋಬಿನ್ ಏರಿತು, ರಕ್ತಹೀನತೆ ಕಡಿಮೆಯಾಯಿತು, ತಪ್ಪದೆ ಶಾಲೆಗೆ ಬಂದವರಿಗೆ ಜಾಸ್ತಿ ಉಪಯೋಗವಾಯಿತು. ಬಿಸಿಯೂಟದ ಸಾರಿಗೆ ಯಾವ ಉಪ್ಪು ಅಂತ ಮಕ್ಕಳು ಆರಿಸುವ ಹಾಗಿಲ್ಲ ನೋಡಿ. ನನ್ನ ಮಟ್ಟಿಗೆ ಈ ಎರಡು ಫಲಿತಾಂಶಗಳ ನಡುವಿನ ದೊಡ್ಡ ವ್ಯತ್ಯಾಸ ಅದೇ.

ತಿಂದರೆ ಎಷ್ಟು ಗುಣ ಅನ್ನುವುದಕ್ಕೂ ಒಂದು ಅಳತೆ ಸಿಕ್ಕಿದೆ. ಡಾರ್ಜಿಲಿಂಗ್ ಜಿಲ್ಲೆಯ ಚಹಾ ತೋಟಗಳ ಕೆಲಸಗಾರ ಹೆಂಗಸರಿಗೆ ಏಳೆಂಟು ತಿಂಗಳು ಈ ಉಪ್ಪು ಕೊಟ್ಟಾಗ, ಬರೀ ಅಯೋಡಿನ್ ಉಪ್ಪು ತಿಂದವರಿಗಿಂತ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ ಸರಾಸರಿ 0.24 ಗ್ರಾಂನಷ್ಟು ಹೆಚ್ಚಾಯಿತು. ಅಂದರೆ 11 ಇದ್ದವರಿಗೆ 11.24. ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ದಾಸ್ತಾನು ಇದಕ್ಕಿಂತ ಎದ್ದು ಕಾಣುವಂತೆ ಸುಧಾರಿಸಿತ್ತು. ಸತ್ವ ಸೇರಿಸಿದ ಆಹಾರದ ಗುಣವೇ ಹಾಗೆ, ಅದು ಮಾತ್ರೆಯಲ್ಲ. ನಿಧಾನವಾಗಿ ದಾಸ್ತಾನು ತುಂಬುತ್ತದೆ. ಆಗಲೇ ಜೋರು ರಕ್ತಹೀನತೆ ಇದ್ದವರಿಗೆ ಇದನ್ನೇ ಔಷಧಿ ಅಂತ ನೆಚ್ಚಿಕೊಂಡರೆ ಕೆಲಸಕ್ಕೆ ಬರುವುದಿಲ್ಲ.

ಯಾಕಿಷ್ಟು ನಿಧಾನ? ಮೂರನೇ ತೊಡಕು ಹೊಟ್ಟೆಯೊಳಗಿದೆ. ನೀವು ತಿಂದ ಅಯೋಡಿನ್ ಹತ್ತಿರಹತ್ತಿರ ಪೂರ್ತಿ ರಕ್ತಕ್ಕೆ ಸೇರುತ್ತದೆ. ಬೇಕಾದಷ್ಟನ್ನು ಥೈರಾಯ್ಡ್ ಗ್ರಂಥಿ ಎಳೆದುಕೊಂಡು ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಕಬ್ಬಿಣ ಹಾಗಲ್ಲ. ನಮ್ಮ ಕಾಳು-ಧಾನ್ಯದ ಊಟದಲ್ಲಿ ನೂರು ಪಾಲು ಕಬ್ಬಿಣವಿದ್ದರೆ ಒಳಗೆ ಇಳಿಯುವುದು ಐದರಿಂದ ಎಂಟು ಪಾಲು. ಧಾನ್ಯದ ತವುಡಿನಲ್ಲಿ ಫೈಟೇಟ್ ಅನ್ನುವ ವಸ್ತುವಿದೆ, ಅದು ಕಬ್ಬಿಣವನ್ನು ಕಚ್ಚಿ ಹಿಡಿದು ಹೊರಗೆ ಕಳಿಸುತ್ತದೆ. ಊಟದ ಜೊತೆ ಟೀ ಕುಡಿದರೆ ಅದರ ಒಗರೂ ಅದೇ ಕೆಲಸ ಮಾಡುತ್ತದೆ. ಇದರ ಮೇಲೆ ದೇಹದ ಕಾವಲುಗಾರ ಬೇರೆ. ಜ್ವರವೋ ಸೋಂಕೋ ಇದ್ದರೆ ಪಿತ್ತಜನಕಾಂಗದಿಂದ ಹೆಪ್ಸಿಡಿನ್ ಅನ್ನುವ ಹಾರ್ಮೋನು ಹೊರಟು ಕಬ್ಬಿಣದ ಬಾಗಿಲನ್ನೇ ಹಾಕಿಬಿಡುತ್ತದೆ.

ದಿನಕ್ಕೆ 8 ಗ್ರಾಂ ಎರಡು ಸತ್ವದ ಉಪ್ಪು ತಿನ್ನುವ ಹೆಂಗಸಿನ ಲೆಕ್ಕ ಹಾಕಿ. ಉಪ್ಪಿನಿಂದ ಸುಮಾರು 8 ಮಿಲಿಗ್ರಾಂ ಕಬ್ಬಿಣ ಹೊಟ್ಟೆಗೆ ಹೋಗುತ್ತದೆ. ಅದರಲ್ಲಿ ರಕ್ತಕ್ಕೆ ಸೇರುವುದು ಅರ್ಧ ಮಿಲಿಗ್ರಾಂ. ಮುಟ್ಟಿನ ರಕ್ತವೂ ಸೇರಿ ಅವಳು ದಿನಕ್ಕೆ ಸರಾಸರಿ ಕಳೆದುಕೊಳ್ಳುವುದು ಒಂದರಿಂದ ಒಂದೂವರೆ ಮಿಲಿಗ್ರಾಂ. ಅಂದರೆ ಉಪ್ಪೊಂದೇ ಮೂರನೇ ಒಂದು ಭಾಗಕ್ಕೂ ಜಾಸ್ತಿ ತುಂಬಿಕೊಡಬಲ್ಲದು. ಕಡಿಮೆಯೇನಲ್ಲ. ಆದರೆ ಅದು ದಿನವೂ, ತಿಂಗಳುಗಟ್ಟಲೆ, ಅದೇ ಉಪ್ಪನ್ನು ತಿಂದರೆ ಮಾತ್ರ.

ಈಗ ಹಿಟ್ಟಿಗೆ ಬರೋಣ. ಗೋಧಿ ಹಿಟ್ಟಿನ ಪ್ಯಾಕೆಟ್ಟಿನ ಮೇಲೆ ನೀಲಿ ಬಣ್ಣದ '+ಎಫ್' ಗುರುತು ಕಂಡರೆ ಅದರಲ್ಲಿ ಮೂರು ಸತ್ವ ಸೇರಿಸಿದ್ದಾರೆ ಅಂತ ಅರ್ಥ: ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಬೇಕಿದ್ದರೆ ಕಂಪನಿಯವರು ಸತು, ವಿಟಮಿನ್ ಎ ಕೂಡ ಸೇರಿಸಬಹುದು. ಅಯೋಡಿನ್ ಉಪ್ಪಿನ ಹಾಗೆ ಇದು ಕಡ್ಡಾಯವಲ್ಲ.

ಹಿಟ್ಟಿನ ವಿಷಯದಲ್ಲಿ ಬೆಂಗಳೂರಿನಲ್ಲೇ ನಡೆದ ಒಂದು ಒಳ್ಳೆಯ ಪ್ರಯೋಗವಿದೆ, 2012ರಲ್ಲಿ ಪ್ರಕಟವಾಯಿತು. ದೇಹದಲ್ಲಿ ಕಬ್ಬಿಣ ಕಡಿಮೆಯಿದ್ದ 6ರಿಂದ 15 ವರ್ಷದ ಶಾಲಾ ಮಕ್ಕಳಿಗೆ ಏಳು ತಿಂಗಳು ಸತ್ವ ಸೇರಿಸಿದ ಗೋಧಿ ಹಿಟ್ಟಿನ ಊಟ ಕೊಟ್ಟರು. 100 ಗ್ರಾಂ ಹಿಟ್ಟಿಗೆ 6 ಮಿಲಿಗ್ರಾಂ ಕಬ್ಬಿಣ, ಅದೂ ಸೋಡಿಯಂ ಐರನ್ ಇಡಿಟಿಎ ಅನ್ನುವ ರೂಪದಲ್ಲಿ. ಈ ಇಡಿಟಿಎ ಕಬ್ಬಿಣವನ್ನು ತಬ್ಬಿಕೊಂಡೇ ಇರುವುದರಿಂದ ಫೈಟೇಟಿಗೆ ಅದು ಸಿಗುವುದಿಲ್ಲ. ತವುಡು ಸಮೇತ ಬೀಸಿದ ಹಿಟ್ಟಿನಿಂದಲೂ ಎರಡು ಮೂರು ಪಟ್ಟು ಜಾಸ್ತಿ ಕಬ್ಬಿಣ ರಕ್ತಕ್ಕೆ ಸೇರುತ್ತದೆ. ಫಲ ಏನಾಯಿತು? ಕಬ್ಬಿಣದ ಕೊರತೆ ಇದ್ದ ಮಕ್ಕಳು ನೂರಕ್ಕೆ 62 ಇದ್ದದ್ದು 21ಕ್ಕೆ ಇಳಿದರು. ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆ 18ರಿಂದ 9ಕ್ಕೆ ಬಂತು.

ಹಾಗಾದರೆ ಅಂಗಡಿಯ '+ಎಫ್' ಹಿಟ್ಟು ತಂದರೆ ನಮ್ಮ ಮಕ್ಕಳಿಗೂ ಹೀಗೇ ಆಗುತ್ತದಾ? ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಈ ಇಡಿಟಿಎ ಕಬ್ಬಿಣ ಕಿಲೋ ಹಿಟ್ಟಿಗೆ 14ರಿಂದ 21.25 ಮಿಲಿಗ್ರಾಂ. 100 ಗ್ರಾಂಗೆ ಅಂದರೆ 1.4ರಿಂದ 2.1 ಮಿಲಿಗ್ರಾಂ. ಬೆಂಗಳೂರಿನ ಮಕ್ಕಳಿಗೆ ಕೊಟ್ಟದ್ದು ಇದರ ಮೂರು ನಾಲ್ಕು ಪಟ್ಟು. ನಿಯಮ ಮಾಡಿದವರು ಎಡವಿದರು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 300 ಗ್ರಾಂಗಿಂತ ಜಾಸ್ತಿ ಗೋಧಿ ತಿನ್ನುವ ಕಡೆ ಕಿಲೋಗೆ 15 ಮಿಲಿಗ್ರಾಂ ಸಾಕು. 75ರಿಂದ 150 ಗ್ರಾಂ ತಿನ್ನುವ ಕಡೆ 40 ಬೇಕು. ನಮ್ಮ ಅಳತೆ ಹೊತ್ತುಹೊತ್ತಿಗೂ ರೊಟ್ಟಿ ತಿನ್ನುವ ಪಂಜಾಬ್, ಹರಿಯಾಣದ ಊಟಕ್ಕೆ ಸರಿಹೋಗುತ್ತದೆ. ಬೆಳಗ್ಗೆ ದೋಸೆ, ಮಧ್ಯಾಹ್ನ ಮುದ್ದೆ-ಅನ್ನ, ರಾತ್ರಿ ಎರಡು ಚಪಾತಿ ತಿನ್ನುವ ಮನೆಗೆ ಅದೇ ಹಿಟ್ಟು ಒಂದು ಮಿಲಿಗ್ರಾಂ ಚಿಲ್ಲರೆ ಕಬ್ಬಿಣ ಕೊಡುತ್ತದೆ, ಅಷ್ಟೇ.

ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನ ಗೋಧಿ ತಂದು ಬೀದಿ ಕೊನೆಯ ಗಿರಣಿಯಲ್ಲಿ ಬೀಸಿಸುತ್ತಾರೆ. ರಾಗಿ, ಜೋಳದ್ದೂ ಅದೇ ಕಥೆ. ಸತ್ವ ಬೆರೆಸಬೇಕಾದರೆ ಹಿಟ್ಟು ಹರಿಯುವ ಕಡೆ ಪುಡಿಯನ್ನು ಹನಿಹನಿಯಾಗಿ ಬಿಡುವ ಫೀಡರ್ ಯಂತ್ರ ಬೇಕು, ಆಗಾಗ ಮಾದರಿ ತೆಗೆದು ಪರೀಕ್ಷಿಸಬೇಕು. ದೊಡ್ಡ ರೋಲರ್ ಮಿಲ್ಲುಗಳಿಗೆ ಇದು ಸುಲಭ. ಡಬ್ಬ ಹಿಡಿದು ಸಾಲಲ್ಲಿ ನಿಲ್ಲುವ ಗಿರಣಿಯಲ್ಲಿ ಆಗುವ ಕೆಲಸವಲ್ಲ.

ಹಿಟ್ಟಿಗೆ ಸೇರಿಸುವ ಸತ್ವಗಳಲ್ಲಿ ಜಗತ್ತಿನಲ್ಲಿ ನಿಜವಾಗಿ ಗೆದ್ದದ್ದು ಕಬ್ಬಿಣವಲ್ಲ, ಫೋಲಿಕ್ ಆಮ್ಲ. ಇದರ ಕಥೆಯ ಒಂದು ತುದಿ ಮುಂಬೈಯಲ್ಲಿದೆ. 1928ರ ಸುಮಾರಿಗೆ ಅಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಯ ಬಸುರಿ ಹೆಂಗಸರ ಒಂದು ಬಗೆಯ ರಕ್ತಹೀನತೆ ಯೀಸ್ಟಿನ ಸಾರ ಕೊಟ್ಟರೆ ವಾಸಿಯಾಗುವುದನ್ನು ಕಂಡರು. ಆ ಸಾರದಲ್ಲಿದ್ದದ್ದು ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ಅಂತ ಆಮೇಲೆ ಗೊತ್ತಾಯಿತು. ಗರ್ಭದ ಮೊದಲ ನಾಲ್ಕು ವಾರದಲ್ಲಿ ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುತ್ತದೆ. ಆಗ ಫೋಲೇಟ್ ಸಾಲದಿದ್ದರೆ ಅದು ತೆರೆದೇ ಉಳಿಯಬಹುದು. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ಬಸುರಿ ಅಂತಲೇ ಗೊತ್ತಿರುವುದಿಲ್ಲ, ಮಾತ್ರೆ ಶುರುಮಾಡುವುದು ಎಲ್ಲಿಂದ? ಅದಕ್ಕೇ ಹಿಟ್ಟು. ಕೆನಡಾ 1998ರಲ್ಲಿ ಇದನ್ನು ಕಡ್ಡಾಯ ಮಾಡಿದ ಮೇಲೆ ಇಂಥ ದೋಷಗಳು ಸಾವಿರಕ್ಕೆ 1.58 ಇದ್ದದ್ದು 0.86ಕ್ಕೆ ಇಳಿದವು. ಹತ್ತಿರಹತ್ತಿರ ಅರ್ಧ.

ಆದರೆ ಇಲ್ಲೂ ಅಳತೆ ನೋಡಿ. ಅಮೆರಿಕದಲ್ಲಿ ಕಿಲೋ ಹಿಟ್ಟಿಗೆ 1400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಹಾಕುತ್ತಾರೆ. ನಮ್ಮ ನಿಯಮದಲ್ಲಿ 75ರಿಂದ 125. ಹತ್ತನೇ ಒಂದು ಭಾಗಕ್ಕೂ ಕಡಿಮೆ. 200 ಗ್ರಾಂ ನಮ್ಮ ಹಿಟ್ಟು ತಿಂದರೆ 20 ಮೈಕ್ರೋಗ್ರಾಂ ಸಿಗುತ್ತದೆ. ಮಗು ಬಯಸುವ ಹೆಂಗಸಿಗೆ ಹೇಳುವುದು ದಿನಕ್ಕೆ 400. ಕೆನಡಾದ ಫಲಿತಾಂಶ ತೋರಿಸಿ ನಮ್ಮ ಪ್ಯಾಕೆಟ್ಟನ್ನು ಹೊಗಳುವವರು ಈ ಅಂಕಿಯನ್ನು ಬಿಟ್ಟುಬಿಡುತ್ತಾರೆ, ಅದೇ ನನಗೆ ಕಿರಿಕಿರಿ. ಬಿ12 ಕೂಡ ಹೀಗೇ: ಅಷ್ಟೇ ಹಿಟ್ಟಿನಿಂದ 0.2 ಮೈಕ್ರೋಗ್ರಾಂ, ಬೇಕಾದದ್ದು ಎರಡಕ್ಕಿಂತ ಜಾಸ್ತಿ.

ಇಷ್ಟೆಲ್ಲ ಮಾಡಿಯೂ ರಕ್ತಹೀನತೆಯ ಅಂಕಿ ಯಾಕೆ ಇಳಿಯುತ್ತಿಲ್ಲ ಅಂತ ಕೇಳಬಹುದು. ಇಳಿಯುವುದಿರಲಿ, ಹೆಂಗಸರಲ್ಲಿ 2015-16ರ ಸಮೀಕ್ಷೆಯಲ್ಲಿ 53 ಇದ್ದದ್ದು 57ಕ್ಕೆ ಏರಿದೆ. ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ ಅನ್ನುವುದು ಒಂದು ಉತ್ತರ. 2016-18ರ ಮಕ್ಕಳ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ರಕ್ತಹೀನತೆ ಇದ್ದ 1ರಿಂದ 4 ವರ್ಷದ ಮಕ್ಕಳ ಪೈಕಿ ನೂರಕ್ಕೆ 37ರಷ್ಟು ಮಾತ್ರ ಕಬ್ಬಿಣದ ಕೊರತೆಯವರು. ಹದಿಹರೆಯದವರಲ್ಲಿ ಅದು ಇಪ್ಪತ್ತೊಂದು. ಉಳಿದವರಿಗೆ ಫೋಲೇಟ್, ಬಿ12, ಸೋಂಕು ಹೀಗೆ ಬೇರೆ ಕಾರಣ. ಅಳೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಆ ಕುಟುಂಬ ಸಮೀಕ್ಷೆಗಳಲ್ಲಿ ಬೆರಳ ತುದಿ ಚುಚ್ಚಿ ರಕ್ತ ತೆಗೆದಿದ್ದರು, ಮಕ್ಕಳ ಸಮೀಕ್ಷೆಯಲ್ಲಿ ರಕ್ತನಾಳದಿಂದ ತೆಗೆದರು. ಎರಡರ ಅಂಕಿ ಒಂದೇ ಬರುವುದಿಲ್ಲ. ಹಾಗಾಗಿ ಕಬ್ಬಿಣದ ಉಪ್ಪೋ ಹಿಟ್ಟೋ ಕೆಲಸ ಮಾಡಿತಾ ಅಂತ ತಿಳಿಯಲು ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಅಳೆಯಬೇಕು. ಥಲಸ್ಸೀಮಿಯಾ ಇರುವವರು ಮಾತ್ರ ಕಬ್ಬಿಣ ಸೇರಿಸಿದ ಯಾವುದನ್ನೇ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ಅವರ ದೇಹದಲ್ಲಿ ಕಬ್ಬಿಣ ಆಗಲೇ ಜಾಸ್ತಿ ಕೂಡಿರುತ್ತದೆ.

ಇನ್ನು ಗೆದ್ದ ಅಯೋಡಿನ್ ಕೂಡ ನಮ್ಮ ಅಡುಗೆಮನೆಯಲ್ಲಿ ಸೋಲಬಹುದು. 2018-19ರ ಅಯೋಡಿನ್ ಸಮೀಕ್ಷೆಯಲ್ಲಿ 15 ಪಿಪಿಎಂ ಮುಟ್ಟಿದ ಉಪ್ಪು ಸಿಕ್ಕಿದ್ದು ನೂರಕ್ಕೆ ಸುಮಾರು 76 ಮನೆಗಳಲ್ಲಿ. ಕಲ್ಲುಪ್ಪಿನಲ್ಲಿ ಅಯೋಡೇಟ್ ಹರಳಿನ ಹೊರಮೈಗೆ ಅಂಟಿಕೊಂಡಿರುತ್ತದೆ. ಮಣ್ಣು ಹೋಗಲಿ ಅಂತ ಒಮ್ಮೆ ತೊಳೆದರೆ ಅದೂ ನೀರಿನ ಜೊತೆ ಹೋಯಿತು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಅಗರದಲ್ಲಿ ಕಾಣುವಂಥ ಹಳೇ ಬಗೆಯ ಉಪ್ಪಾಗಲಿ, ಈಗ ಫ್ಯಾಷನ್ ಆಗಿರುವ ಗುಲಾಬಿ ಬಣ್ಣದ ಸೈಂಧವ ಲವಣವಾಗಲಿ, ಅಯೋಡಿನ್ ಸಿಂಪಡಿಸದಿದ್ದರೆ ಅದರಲ್ಲಿ ಬೇಕಾದಷ್ಟು ಇರುವುದಿಲ್ಲ. ಸಮುದ್ರದ ಉಪ್ಪಲ್ವಾ, ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ನೀರು ಇಂಗಿ ಹರಳಾಗುವಾಗ ಅಯೋಡಿನ್ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಪ್ಯಾಕೆಟ್ ಉಪ್ಪನ್ನೇ ತಂದರೂ ಒಲೆಯ ಪಕ್ಕ ಬಾಯಿ ತೆರೆದ ಮರಿಗೆಯಲ್ಲಿ ಸುರಿದು, ಒದ್ದೆ ಕೈಯಲ್ಲಿ ತೆಗೆಯುತ್ತಿದ್ದರೆ ತಿಂಗಳ ಕೊನೆಗೆ ಅದರಲ್ಲಿನ ಅಯೋಡಿನ್ ಕಡಿಮೆಯಾಗಿರಬಹುದು.